ಕಾಮೆಂಟ್ ಬರೆಯುವ ಲಿಪಿ ಬೇರೆ, ಸ್ಲೈಡ್ ಓದುವ ಲಿಪಿ ಬೇರೆ

ಪ್ರಶ್ನೆ: ಸಾಗರದ ಹತ್ತಿರ ನಾನೂ ನಮ್ಮ ಅತ್ತೆಯೂ ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ಇನ್‌ಸ್ಟಾಗ್ರಾಂನಲ್ಲಿ ಎರಡು ಸಾವಿರ ಚಿಲ್ಲರೆ ಮಂದಿ ನಮ್ಮನ್ನು ಫಾಲೋ ಮಾಡುತ್ತಾರೆ. ಅರ್ಧದಷ್ಟು ಬೆಂಗಳೂರಿನವರು, ಕೆಲವರು ಶಿವಮೊಗ್ಗ, ಶಿರಸಿ ಕಡೆಯವರು, ಉಳಿದವರು ಮುಂಬೈ, ದುಬೈ, ಅಮೆರಿಕದಲ್ಲಿ ಇರುವವರು. ಹಲವು ಸ್ಲೈಡುಗಳನ್ನು ಪಕ್ಕಕ್ಕೆ ಸರಿಸುತ್ತ ಓದುವ ಕ್ಯಾರೊಸೆಲ್ ಪೋಸ್ಟ್‌ಗಳನ್ನು ಕನ್ನಡ ಲಿಪಿಯಲ್ಲೇ ಹಾಕುತ್ತಿದ್ದೆ. ಡಿಸೈನ್ ಮಾಡಿಕೊಡುವ ಹುಡುಗ, ‘ಅಕ್ಕಾ, ಕಾಮೆಂಟುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರುತ್ತಿವೆ, ನಾವೂ ಹಾಗೆಯೇ ಬರೆಯೋಣ’ ಎನ್ನುತ್ತಾನೆ. ಏನು ಮಾಡಲಿ?

ಉತ್ತರ: ಹುಡುಗ ಕಂಡದ್ದು ನಿಜ, ಆದರೆ ಅದರಿಂದ ಅವನು ತೆಗೆದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಜಾಹೀರಾತು ಬರಹದ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಕಂಡಿರುವ ಗೊಂದಲವೇ ಇದು. ಕಾಮೆಂಟ್ ನೋಡಿದರೆ ಆ ವ್ಯಕ್ತಿಯ ಬೆರಳು ಯಾವ ಕೀಲಿಮಣೆಗೆ ಒಗ್ಗಿದೆ ಎಂಬುದು ತಿಳಿಯುತ್ತದೆ. ಅವರ ಕಣ್ಣು ಯಾವ ಲಿಪಿಗೆ ಒಗ್ಗಿದೆ ಎಂಬುದು ತಿಳಿಯುವುದಿಲ್ಲ. ಹೆಚ್ಚಿನ ಮೊಬೈಲ್‌ಗಳಲ್ಲಿ ಕೀಲಿಮಣೆ ಇಂಗ್ಲಿಷ್‌ನಲ್ಲೇ ತೆರೆದುಕೊಳ್ಳುತ್ತದೆ. ಕನ್ನಡಕ್ಕೆ ಬದಲಾಯಿಸಿ, ಒತ್ತಕ್ಷರ ಹುಡುಕಿ, ಮಹಾಪ್ರಾಣ ಸರಿಯಾಯಿತೇ ಎಂದು ನೋಡುವಷ್ಟು ತಾಳ್ಮೆ ಒಂದು ಸಾಲಿನ ಕಾಮೆಂಟಿಗೆ ಯಾರಿಗೂ ಇರುವುದಿಲ್ಲ. ನಿಮಗೆ "super akka, yavaga sigatte" ಎಂದು ಬರೆದವರು ಅದೇ ಬೆಳಗ್ಗೆ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿರಬಹುದು. ಬರೆಯುವುದು ಅವರ ಶ್ರಮ, ಅದನ್ನು ಅವರು ಉಳಿಸಿಕೊಳ್ಳುತ್ತಾರೆ. ಸ್ಲೈಡ್ ಓದುವಾಗ ಆ ಶ್ರಮವನ್ನು ಅವರಿಗೆ ಉಳಿಸಿಕೊಡಬೇಕಾದವರು ನೀವು.

ಇಂಗ್ಲಿಷ್ ಅಕ್ಷರದ ಕನ್ನಡವನ್ನು ಓದುವುದಕ್ಕೆ ಶ್ರಮ ಏಕೆ ಬೇಕು ಎಂಬುದನ್ನು ನಿಮ್ಮ ಪೋಸ್ಟಿನಲ್ಲಿ ಬರುವಂಥ ಒಂದು ಮಾತಿನಲ್ಲಿ ನೋಡೋಣ. ‘ಮೆತ್ತಗಾಗಿದೆ’ ಎಂಬ ಪದ ಕನ್ನಡ ಓದಬಲ್ಲವರಿಗೆ ಐದು ಅಕ್ಷರಗಳ ಒಂದು ಚಿತ್ರ. ಒಂದೊಂದೇ ಅಕ್ಷರ ಕೂಡಿಸಿ ಯಾರೂ ಅದನ್ನು ಓದುವುದಿಲ್ಲ. ಅದೇ ಪದ "mettagagide" ಆದಾಗ ಹನ್ನೊಂದು ಅಕ್ಷರಗಳ ಸಾಲಾಗುತ್ತದೆ. ಅದಕ್ಕೆ ಒಂದು ನಿಶ್ಚಿತ ಕಾಗುಣಿತವೂ ಇಲ್ಲ. ನೀವು "mettagagide" ಎಂದು ಬರೆದರೆ ನಾನು "methagaagide" ಎಂದು ಬರೆಯುತ್ತೇನೆ, ಮೂರನೆಯವರು "mettagaagidhe" ಎನ್ನುತ್ತಾರೆ. ಹಾಗಾಗಿ ಓದುವವರ ಕಣ್ಣಿಗೆ ಇದು ಎಂದೂ ಚಿತ್ರವಾಗುವುದಿಲ್ಲ. ಪ್ರತಿ ಸಲವೂ ಮನಸ್ಸಿನಲ್ಲಿ ಉಚ್ಚರಿಸಿ, ಕಿವಿಗೆ ಕೇಳಿಸಿಕೊಂಡು, ಆಮೇಲೆ ಅರ್ಥ ಮಾಡಿಕೊಳ್ಳಬೇಕು. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳು ಉದ್ದವಾಗುತ್ತವೆ, ಉದ್ದವಾದಷ್ಟೂ ಈ ತೊಡಕು ಬೆಳೆಯುತ್ತದೆ. ಮೂರು ಪದಗಳ ವಾಟ್ಸ್ಆ್ಯಪ್ ಮಾತಿಗೆ ಇದು ತೊಂದರೆಯಲ್ಲ. ಇಪ್ಪತ್ತು ಪದಗಳ ಸ್ಲೈಡನ್ನು ಹೆಬ್ಬೆರಳು ಮುಂದಕ್ಕೆ ಸರಿಸಲು ಕಾದಿರುವ ಹೊತ್ತಿನಲ್ಲಿ ಓದಬೇಕಾದಾಗ ಮಾತ್ರ ತೊಂದರೆ ಕಾಣುತ್ತದೆ.

ಇನ್ನೊಂದು ಸಮಸ್ಯೆ ಇದಕ್ಕಿಂತ ದೊಡ್ಡದು, ಅದು ನಿಮ್ಮ ವ್ಯಾಪಾರದ ಪದಗಳಲ್ಲೇ ಕುಳಿತಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಲ ಮತ್ತು ಳ ಒಂದೇ, ನ ಮತ್ತು ಣ ಒಂದೇ, ಹ್ರಸ್ವ ದೀರ್ಘಗಳ ವ್ಯತ್ಯಾಸವೂ ಬರೆಯುವವರ ಮರ್ಜಿ. ‘ಎಳೆ ಮಿಡಿ’ ಎಂದು ಬರೆಯಲು ಹೊರಟರೆ "ele midi" ಆಗುತ್ತದೆ, ಓದುವವರಿಗೆ ಮೊದಲು ಕಾಣುವುದು ಎಲೆ. "bele" ಎಂದರೆ ಬೆಲೆಯೋ ಬೆಳೆಯೋ ಬೇಳೆಯೋ ತಿಳಿಯಲು ಮುಂದಿನ ಪದದವರೆಗೆ ಕಾಯಬೇಕು. ಕೊನೆಯ ಸ್ಲೈಡಿನಲ್ಲಿ ‘ನೋಡಿ ಕೊಳ್ಳಿ’ ಎಂಬ ಒಳ್ಳೆಯ ಮಾತನ್ನು "nodi kolli" ಎಂದು ಹಾಕಿದರೆ ಅದು ‘ನೋಡಿ ಕೊಲ್ಲಿ’ ಎಂದೂ ಓದಿಸಿಕೊಳ್ಳುತ್ತದೆ. ಸಂದರ್ಭದಿಂದ ತಿಳಿಯುತ್ತದಲ್ಲ ಎಂದು ನಿಮ್ಮ ಹುಡುಗ ಹೇಳಬಹುದು. ತಿಳಿಯುತ್ತದೆ, ನಿಜ. ಆದರೆ ಹಾಗೆ ತಿಳಿದುಕೊಳ್ಳುವುದಕ್ಕೆ ಓದುವವರು ಒಂದು ಕ್ಷಣ ನಿಲ್ಲಬೇಕು, ಆ ಕ್ಷಣದಲ್ಲೇ ಅವರು ಬೇರೆ ಪೋಸ್ಟಿಗೆ ಹೋಗುತ್ತಾರೆ. ಳ ಬರೆಯಲು ದೊಡ್ಡ "L" ಬಳಸಿ "eLe midi" ಎಂದು ಬರೆಯುವ ಪದ್ಧತಿ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆ ಗೊತ್ತು. ಸಾಮಾನ್ಯ ಓದುಗರಿಗೆ ಅದು ಮುದ್ರಣದೋಷದಂತೆ ಕಾಣುತ್ತದೆ, ಆ ದಾರಿ ಬೇಡ.

ಹಾಗಾದರೆ ಕನ್ನಡ ಲಿಪಿ ನಿಜಕ್ಕೂ ಬಾರದವರು ಯಾರು? ಇಲ್ಲಿ ಊರಿನ ಹೆಸರು ನೋಡಿ ನಿರ್ಧರಿಸುವುದು ಅಪಾಯಕಾರಿ. ಕರ್ನಾಟಕದ ಹೊರಗಿದ್ದವರಿಗೆಲ್ಲ ಲಿಪಿ ಬಾರದು ಎಂದೇನೂ ಇಲ್ಲ. ಕೇರಳದಲ್ಲಿರುವ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಮಂಗಳೂರು, ಉಡುಪಿ ಕಡೆಯವರ ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೂ ಆ ಭಾಷೆಗಳನ್ನೂ ಅವರು ಕನ್ನಡ ಲಿಪಿಯಲ್ಲೇ ಓದಿ ಬರೆದು ಬೆಳೆದಿರುತ್ತಾರೆ. ಅವರಲ್ಲಿ ಒಬ್ಬರು ದುಬೈಗೆ ಹೋಗಿ ಇಪ್ಪತ್ತು ವರ್ಷವಾಗಿದ್ದರೂ ಲಿಪಿ ಮರೆತಿರುವುದಿಲ್ಲ. ಸೊಲ್ಲಾಪುರ, ಮುಂಬೈಯ ಕನ್ನಡಿಗರಲ್ಲಿ ಮರಾಠಿ ಮಾಧ್ಯಮದಲ್ಲಿ ಓದಿದವರ ಮಾತು ಬೇರೆ. ಮನೆಯಲ್ಲಿ ಸೊಗಸಾದ ಕನ್ನಡ ಆಡುತ್ತಾರೆ, ಆದರೆ ಓದಲು ಬರುವುದು ದೇವನಾಗರಿ ಮತ್ತು ಇಂಗ್ಲಿಷ್. ಅಮೆರಿಕದಲ್ಲಿ ತಾಯಿ ತಂದೆಗೆ ಲಿಪಿ ಬರುತ್ತದೆ, ಅಲ್ಲೇ ಹುಟ್ಟಿದ ಮಗಳಿಗೆ ಕೇಳಿದರೆ ಮಾತ್ರ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಮೂರೂ ಬಗೆಯವರು ಒಂದೇ ಬೀದಿಯಲ್ಲಿ ಇರುತ್ತಾರೆ. ನಿಮ್ಮ ಖಾತೆಯ ಇನ್‌ಸೈಟ್ಸ್ ಪುಟ ಊರು, ವಯಸ್ಸು ತೋರಿಸುತ್ತದೆ, ಯಾವ ಮಾಧ್ಯಮದಲ್ಲಿ ಓದಿದರು ಎಂಬುದನ್ನು ತೋರಿಸುವುದಿಲ್ಲ. ನಿಮಗೆ ಬೇಕಾದದ್ದು ಆ ಎರಡನೆಯ ಸಂಗತಿ.

ಲಿಪಿ ಬಾರದ ಈ ಓದುಗರಿಗೆ ಪೂರ್ತಿ ಕ್ಯಾರೊಸೆಲ್ಲನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಕೊಡಬೇಕೇ ಎಂದರೆ, ಬೇಡ ಎಂಬುದೇ ನನ್ನ ಉತ್ತರ. ಹೀಗೆ ಹೇಳಿದಾಗ ಅನೇಕರಿಗೆ ಆಶ್ಚರ್ಯವಾಗುತ್ತದೆ. ಮುಂಬೈಯ ಆ ಓದುಗರೂ ಅಮೆರಿಕದ ಆ ಹುಡುಗಿಯೂ ಇಂಗ್ಲಿಷನ್ನು ಸರಾಗವಾಗಿ ಓದುತ್ತಾರೆ. ಭರಣಿಯನ್ನು ಹೇಗೆ ಇಡಬೇಕು, ಎಷ್ಟು ದಿನ ಬಾಳುತ್ತದೆ ಎಂಬ ವಿವರವನ್ನು "bharaniyannu onagisi kollabeku" ಎಂಬಂಥ ಸಾಲಿನಲ್ಲಿ ಕೊಡುವುದಕ್ಕಿಂತ ಸರಳ ಇಂಗ್ಲಿಷ್‌ನಲ್ಲಿ ಕೊಟ್ಟರೆ ಅವರಿಗೆ ಬೇಗ ತಿಳಿಯುತ್ತದೆ. ಆ ಸಾಲಿನಲ್ಲೂ "kollabeku" ಎಂಬುದು ‘ಕೊಳ್ಳಬೇಕು’ ಎಂದೋ ‘ಕೊಲ್ಲಬೇಕು’ ಎಂದೋ ಎಂಬ ಅನುಮಾನ ಹುಟ್ಟುತ್ತದೆ, ನೋಡಿ. ಇಂಗ್ಲಿಷ್ ಅಕ್ಷರದ ಕನ್ನಡ ಅವರಿಗೆ ಕೊಡುವುದು ಮಾಹಿತಿಯನ್ನಲ್ಲ, ಮನೆಯ ದನಿಯನ್ನು. ಅಜ್ಜಿ ಊಟಕ್ಕೆ ಕರೆದ ಹಾಗೆ ಕಿವಿಗೆ ಬೀಳುವ ಒಂದು ಸಾಲು. ಆದ್ದರಿಂದ ಮೊದಲ ಸ್ಲೈಡಿನ ಕರೆಗೆ, ಮೂರು ನಾಲ್ಕು ಪದಗಳ ಆಡುಮಾತಿಗೆ ಅದನ್ನು ಇಟ್ಟುಕೊಳ್ಳಿ. "Oota aaytha?" ಎಂಬುದನ್ನು ಯಾರೂ ಕೂಡಿಸಿ ಓದುವುದಿಲ್ಲ, ಏಕೆಂದರೆ "oota", "thindi", "dose", "namaskara" ಇಂಥ ಪದಗಳು ಹೋಟೆಲ್ ಬೋರ್ಡುಗಳಿಂದ, ಮೆನುಗಳಿಂದ ಕಣ್ಣಿಗೆ ಆಗಲೇ ಚಿತ್ರಗಳಾಗಿವೆ. ಅಂಥ ಪದಗಳಿಂದಲೇ ಸಾಲು ಕಟ್ಟಿ. ಬರೆಯುವಾಗ ಮಾತಿನ ರೂಪವನ್ನೇ ಬರೆಯಿರಿ. ಗ್ರಾಂಥಿಕವಾದ "aayithe" ತರಹದ ರೂಪಗಳು ಆ ಅಕ್ಷರಗಳಲ್ಲಿ ಇನ್ನಷ್ಟು ಅಪರಿಚಿತವಾಗುತ್ತವೆ. ತ ಬರೆಯಲು "th" ಎಂದು ಒಮ್ಮೆ ನಿರ್ಧರಿಸಿದರೆ ಎಲ್ಲ ಪೋಸ್ಟುಗಳಲ್ಲೂ "th" ಇರಲಿ, ಆ ಎಂಬುದಕ್ಕೆ "aa" ಎಂದರೆ ಎಲ್ಲೆಡೆ "aa" ಇರಲಿ. ಒಂದು ಚೀಟಿಯಲ್ಲಿ ಬರೆದು ಹುಡುಗನ ಮೇಜಿನ ಮೇಲೆ ಅಂಟಿಸಿ.

ಇನ್ನೂ ಒಂದು ಗುಂಪಿದೆ. ಬೇರೆ ರಾಜ್ಯದಿಂದ ಬೆಂಗಳೂರಿಗೆ ಬಂದು, ಅಂಗಡಿಯಲ್ಲಿ, ಬಸ್ಸಿನಲ್ಲಿ ಕನ್ನಡ ಮಾತಾಡಲು ಕಲಿತು, ಕನ್ನಡವನ್ನಾಗಲೀ ಇಂಗ್ಲಿಷನ್ನಾಗಲೀ ಸರಾಗವಾಗಿ ಓದಲಾರದವರು. ಅವರಿಗೆ ಯಾವ ಲಿಪಿಯ ಕ್ಯಾರೊಸೆಲ್ಲೂ ತಲುಪುವುದಿಲ್ಲ. ನಿಮ್ಮ ಅತ್ತೆಯವರು ಭರಣಿಯ ಮುಂದೆ ಕುಳಿತು ಮಾತಾಡುವ ಒಂದು ರೀಲ್ಸ್ ಅವರಿಗೆ ಸಾಕು.

ಈಗ ನಿಮ್ಮ ಒಂದು ಪೋಸ್ಟನ್ನೇ ತೆಗೆದುಕೊಳ್ಳೋಣ: ‘ಉಪ್ಪಿನಕಾಯಿ ಕೆಡದಂತೆ ಇಡುವುದು ಹೇಗೆ’. ಕನ್ನಡ ಲಿಪಿಯ ಆವೃತ್ತಿಯಲ್ಲಿ ಆರು ಸ್ಲೈಡ್ ಸಾಕು. ಮೊದಲನೆಯದರಲ್ಲಿ ‘ಮಿಡಿ ಮೆತ್ತಗಾಗುತ್ತಿದೆಯೇ?’ ಎಂಬ ಪ್ರಶ್ನೆ ಮಾತ್ರ. ಎರಡನೆಯದರಲ್ಲಿ ‘ಒದ್ದೆ ಚಮಚ ಹಾಕಬೇಡಿ. ಒಂದು ಹನಿ ನೀರು ಸೇರಿದರೂ ಮೇಲೆ ಬೂಸ್ಟು ಬರುತ್ತದೆ’. ಮೂರನೆಯದರಲ್ಲಿ ಗಾಜಿನ ಅಥವಾ ಪಿಂಗಾಣಿಯ ಭರಣಿ, ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ್ದು. ನಾಲ್ಕನೆಯದರಲ್ಲಿ ‘ಮಿಡಿ ರಸದಲ್ಲಿ ಮುಳುಗಿರಲಿ’. ಐದನೆಯದರಲ್ಲಿ ಬೂಸ್ಟು ಬಂದದ್ದನ್ನು ಎಸೆಯಬೇಕು ಎಂಬ ಎಚ್ಚರಿಕೆ. ಆರನೆಯದರಲ್ಲಿ ಬೆಲೆ, ತೂಕ, ಆರ್ಡರ್ ಮಾಡುವ ಬಗೆ. ಬೆಲೆ, ತೂಕಗಳನ್ನು 1, 2, 3 ಅಂಕಿಗಳಲ್ಲೇ ಬರೆಯಿರಿ. ಕನ್ನಡ ಅಂಕಿಗಳು ಚೆಂದ, ನನಗೂ ಇಷ್ಟ, ಆದರೆ ಕನ್ನಡ ಚೆನ್ನಾಗಿ ಓದುವ ಎಳೆಯರೂ ೬ ಮತ್ತು ೯ರ ಮುಂದೆ ತಡೆಯುವುದನ್ನು ನೋಡಿದ್ದೇನೆ, ಬೆಲೆಯ ವಿಷಯದಲ್ಲಿ ತಡೆಯುವಂತಾಗಬಾರದು. ‘ಫ್ರಿಜ್’, ‘ಆರ್ಡರ್’, ‘ಡೆಲಿವರಿ’ ಕನ್ನಡ ಲಿಪಿಯಲ್ಲೇ ಇರಲಿ.

ಹೊರಗಿನವರಿಗೆ ಮಾಡುವ ಆವೃತ್ತಿ ಇದರ ಲಿಪ್ಯಂತರವಾಗಬಾರದು, ಬೇರೆಯೇ ಪೋಸ್ಟ್ ಆಗಬೇಕು. ಮೊದಲ ಸ್ಲೈಡಿನಲ್ಲಿ "Ajji mane uppinakayi" ಎಂಬಂಥ ಒಂದು ಸಾಲು. ಇದರಲ್ಲಿ ಲ, ಳಗಳ ಗೊಂದಲವಿಲ್ಲ, ಪದಗಳೆಲ್ಲ ಕಿವಿಗೆ ಪರಿಚಿತ. ಎರಡನೆಯ ಸ್ಲೈಡಿನಿಂದ ಚಿಕ್ಕ ಇಂಗ್ಲಿಷ್ ವಾಕ್ಯಗಳು. ‘ಅಪ್ಪೆಮಿಡಿ’, ‘ಭರಣಿ’ ಎಂಬ ಹೆಸರುಗಳನ್ನು ಅನುವಾದಿಸಬೇಡಿ, "appemidi", "bharani" ಎಂದೇ ಇಟ್ಟು ಚಿತ್ರದಲ್ಲಿ ತೋರಿಸಿ. ಎರಡನೆಯ ಸ್ಲೈಡ್ ತನ್ನಷ್ಟಕ್ಕೇ ಅರ್ಥವಾಗುವಂತಿರಬೇಕು ಎಂಬುದನ್ನು ಮರೆಯಬೇಡಿ. ಮೊದಲ ಸಲ ಸರಿಸದೆ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಪೋಸ್ಟನ್ನು ಮತ್ತೊಮ್ಮೆ ಎರಡನೆಯ ಸ್ಲೈಡಿನಿಂದ ತೋರಿಸುವುದುಂಟು. ಮೊದಲ ಸ್ಲೈಡಿನಲ್ಲಿ ಪ್ರಶ್ನೆ, ಎರಡನೆಯದರಲ್ಲಿ ‘ಹೌದು, ಏಕೆಂದರೆ’ ಎಂದು ಶುರುಮಾಡಿದರೆ ಹಾಗೆ ನೋಡಿದವರಿಗೆ ತಲೆಬುಡ ತಿಳಿಯುವುದಿಲ್ಲ.

ಎರಡೂ ಲಿಪಿಗಳನ್ನು ಒಂದೇ ಸ್ಲೈಡಿನಲ್ಲಿ, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಅಕ್ಷರ ಎಂದು ಹಾಕುವ ರಾಜಿ ಸೂತ್ರವನ್ನು ಹುಡುಗ ಸೂಚಿಸಬಹುದು. ನಾನು ಅದನ್ನು ಎಂದೂ ಒಪ್ಪಿಲ್ಲ. ಜಾಗ ಅರ್ಧವಾಗುತ್ತದೆ, ಎರಡೂ ಬರಹಗಳು ಚಿಕ್ಕದಾಗುತ್ತವೆ, ಪ್ರತಿಯೊಬ್ಬ ಓದುಗರಿಗೂ ಸ್ಲೈಡಿನ ಅರ್ಧ ಭಾಗ ವ್ಯರ್ಥ.

ನಿಮ್ಮ ಓದುಗರಲ್ಲಿ ಯಾರೆಷ್ಟು ಎಂದು ತಿಳಿಯಲು ಸ್ಟೋರಿಯಲ್ಲಿ ‘ಯಾವ ಲಿಪಿ ಬೇಕು’ ಎಂದು ಮತ ಕೇಳುವುದು ಸುಲಭ. ಅದನ್ನು ನಂಬಬೇಡಿ. ಹಾಗೆ ಕೇಳಿದರೆ ಜನ ಅಭಿಮಾನದಿಂದ ಉತ್ತರಿಸುತ್ತಾರೆ, ಕನ್ನಡ ಲಿಪಿಯನ್ನು ನಿಧಾನವಾಗಿ ಓದುವವರೂ ಅದಕ್ಕೇ ಮತ ಹಾಕುತ್ತಾರೆ. ಅದರ ಬದಲು ಎಂಟು ಹತ್ತು ಗಿರಾಕಿಗಳಿಂದ ಸ್ಲೈಡನ್ನು ಗಟ್ಟಿಯಾಗಿ ಓದಿಸಿ. ಪಾರ್ಸೆಲ್ ಕೊಡುವಾಗ, ಇಲ್ಲವೇ ವೀಡಿಯೊ ಕರೆಯಲ್ಲಿ, ‘ಇದೊಂದು ಸ್ಲೈಡ್ ಓದಿ ಹೇಳುತ್ತೀರಾ, ಸರಿಯಾಗಿ ಕಾಣುತ್ತದೆಯೇ ನೋಡಬೇಕಿತ್ತು’ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾಲ್ಕನೆಯ ಸ್ಲೈಡಿನ ಎರಡೂ ರೂಪಗಳನ್ನು ಸಿದ್ಧವಿಡಿ. ಅರ್ಧ ಮಂದಿಗೆ ಕನ್ನಡ ಲಿಪಿಯದನ್ನು ಮೊದಲು ಕೊಡಿ, ಉಳಿದರ್ಧಕ್ಕೆ ಇಂಗ್ಲಿಷ್ ಅಕ್ಷರದ್ದನ್ನು ಮೊದಲು ಕೊಡಿ, ಏಕೆಂದರೆ ಎರಡನೆಯ ಸಲ ಓದುವಾಗ ವಿಷಯ ಆಗಲೇ ಗೊತ್ತಿರುತ್ತದೆ. ಎಲ್ಲಿ ತಡವರಿಸಿದರು, ಯಾವ ಪದವನ್ನು ಹಿಂದಕ್ಕೆ ಹೋಗಿ ಮತ್ತೆ ಓದಿದರು ಎಂಬುದನ್ನು ಗುರುತು ಹಾಕಿಕೊಳ್ಳಿ. ಕನ್ನಡ ಬಲ್ಲವರು "mulugirali" ಎಂಬಲ್ಲಿ ತಡೆದು ‘ಮುಳುಗಿರಲಿ’ ಎಂಬಲ್ಲಿ ಸರಾಗವಾಗಿ ಹೋಗುವುದನ್ನು ನಿಮ್ಮ ಕಿವಿಯಿಂದಲೇ ಕೇಳಿದ ಮೇಲೆ ಹುಡುಗನ ಜೊತೆ ವಾದ ಮಾಡಬೇಕಾಗುವುದಿಲ್ಲ.

ಆಮೇಲೆ ಪೋಸ್ಟುಗಳಲ್ಲೇ ಪರೀಕ್ಷಿಸಬಹುದು. ಆರು ವಾರ, ವಾರಕ್ಕೊಂದು, ಒಂದೇ ದಿನ ಒಂದೇ ಹೊತ್ತಿಗೆ, ಒಮ್ಮೆ ಕನ್ನಡ ಲಿಪಿ, ಮರುವಾರ ಇಂಗ್ಲಿಷ್ ಅಕ್ಷರ. ವಿಷಯಗಳೂ ಸಮತೂಕದವಾಗಿರಲಿ. ಒಂದರಲ್ಲಿ ರಿಯಾಯಿತಿ, ಇನ್ನೊಂದರಲ್ಲಿ ಬರೀ ಸಲಹೆ ಇದ್ದರೆ ಲಿಪಿಯ ಪ್ರಭಾವ ಗೊತ್ತಾಗುವುದಿಲ್ಲ. ಲೈಕ್ ಎಣಿಸಬೇಡಿ, ಫೋಟೋ ಚೆನ್ನಾಗಿದ್ದರೆ ಓದದೆಯೂ ಲೈಕ್ ಬೀಳುತ್ತದೆ. ಪೋಸ್ಟ್ ತಲುಪಿದ ಪ್ರತಿ ನೂರು ಮಂದಿಯಲ್ಲಿ ಎಷ್ಟು ಮಂದಿ ಸೇವ್ ಮಾಡಿದರು, ಎಷ್ಟು ಮಂದಿ ಇನ್ನೊಬ್ಬರಿಗೆ ಕಳಿಸಿದರು ಎಂದು ನೋಡಿ. ಸ್ಲೈಡಿನಲ್ಲೇ ಹೇಳಿದ್ದನ್ನು ಮತ್ತೆ ಎಷ್ಟು ಮಂದಿ ಮೆಸೇಜಿನಲ್ಲಿ ಕೇಳಿದರು ಎಂಬುದು ನನಗೆ ಇವೆಲ್ಲಕ್ಕಿಂತ ಮುಖ್ಯ. ಬೆಲೆ ಆರನೆಯ ಸ್ಲೈಡಿನಲ್ಲಿ ಇದ್ದರೂ ಹತ್ತು ಮಂದಿ ‘ರೇಟ್ ಎಷ್ಟು’ ಎಂದರೆ ಅವರು ಅಲ್ಲಿಯವರೆಗೆ ಓದಿಲ್ಲ. ಮೂರು ಮೂರು ಪೋಸ್ಟುಗಳಿಂದ ಬರುವ ಸಣ್ಣ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ, ಎದ್ದು ಕಾಣುವಷ್ಟಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕನ್ನಡ ಲಿಪಿಯ ಸ್ಲೈಡ್ ಸೋತರೆ ತಕ್ಷಣ ಲಿಪಿಯನ್ನು ದೂರಬೇಡಿ, ಮೊದಲು ವಿನ್ಯಾಸ ನೋಡಿ. ಇಂಗ್ಲಿಷಿಗೆ ಮಾಡಿದ ಮಾದರಿಯಲ್ಲಿ ಕನ್ನಡವನ್ನು ತುಂಬಿದಾಗ ಒಂದು ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಸ್ಲೈಡ್ 1080×1350 ಪಿಕ್ಸೆಲ್ ಎಂದುಕೊಳ್ಳಿ. ಮೊಬೈಲ್ ಪರದೆ ಸುಮಾರು 7 ಸೆಂ.ಮೀ. ಅಗಲವಿದ್ದರೆ 44 ಪಿಕ್ಸೆಲ್ ಗಾತ್ರದ ಅಕ್ಷರಕ್ಕೆ ಸಿಗುವುದು 3 ಮಿ.ಮೀ.ಗೂ ಕಡಿಮೆ ಜಾಗ, ಅದರಲ್ಲೇ ಒತ್ತಕ್ಷರವೂ ಕೂರಬೇಕು. ನಾನು ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ, ಸಾಲುಗಳ ಅಂತರವನ್ನು ಅಕ್ಷರ ಗಾತ್ರದ ಒಂದೂವರೆ ಪಟ್ಟು ಇಡುತ್ತೇನೆ, ಒಂದು ಸ್ಲೈಡಿಗೆ ಇಪ್ಪತ್ತೈದು ಪದ ದಾಟಿಸುವುದಿಲ್ಲ. ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸಬಾರದು, ಇಂಗ್ಲಿಷ್ ತಲೆಬರಹಕ್ಕೆ ಒಪ್ಪುವ ಆ ಅಲಂಕಾರ ಕನ್ನಡ ಪದವನ್ನು ಚೂರು ಮಾಡುತ್ತದೆ. ಫಾಂಟ್‌ಗೆ Noto Sans Kannada, Anek Kannada, Baloo Tamma 2 ಮೂರೂ ಉಚಿತ, ಮೂರರಲ್ಲೂ ದಪ್ಪ ಮತ್ತು ಸಾಧಾರಣ ರೂಪಗಳಿವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಯುನಿಕೋಡ್‌ಗೆ ಪರಿವರ್ತಿಸಿಯೇ ಬಳಸಬೇಕು. ಹಳೆಯ ಫೋಟೋಶಾಪಿನಲ್ಲಿ ‘ವರ್ಷ’ ಎಂಬುದು ‘ವರ್‌ಷ’ ಎಂದು ಒಡೆದು ಕಂಡರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ World-Ready Layout ಆರಿಸಿಕೊಳ್ಳಲು ಹುಡುಗನಿಗೆ ಹೇಳಿ. ಪೋಸ್ಟ್ ಹಾಕುವ ಮೊದಲು ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ನೀವೇ ಮೊಬೈಲಿನಲ್ಲಿ ಒಮ್ಮೆ ನೋಡಿ.

ಇಂಗ್ಲಿಷ್ ಅಕ್ಷರಕ್ಕೆ ನಿಜವಾದ ಕೆಲಸ ಇರುವುದು ಚಿತ್ರದ ಹೊರಗೆ. ಜನ ಹುಡುಕುವಾಗ "appemidi", "uppinakayi" ಎಂದು ಟೈಪ್ ಮಾಡುತ್ತಾರೆ, ಇಲ್ಲಿ ಹುಡುಗ ಗಮನಿಸಿದ ಬೆರಳಿನ ಅಭ್ಯಾಸವೇ ನಿಮಗೆ ನೆರವಾಗುತ್ತದೆ. ಆದ್ದರಿಂದ ಖಾತೆಯ ಹೆಸರಿನ ಜಾಗದಲ್ಲಿ, ಕ್ಯಾಪ್ಷನ್ನಿನ ಕೊನೆಯಲ್ಲಿ, ಹ್ಯಾಶ್‌ಟ್ಯಾಗಿನಲ್ಲಿ ಆ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಇಡಿ, "uppinakai" ಎಂಬ ಇನ್ನೊಂದು ಕಾಗುಣಿತವನ್ನೂ ಸೇರಿಸಿ. ಕ್ಯಾಪ್ಷನ್ನಿನ ಮೊದಲ ಸಾಲು ಮಾತ್ರ ಸ್ಲೈಡಿನ ಲಿಪಿಯಲ್ಲೇ ಇರಲಿ, ಉಳಿದದ್ದು ಮಡಚಿಕೊಂಡಿರುತ್ತದೆ. ಚಿತ್ರದೊಳಗಿನ ಬರಹವನ್ನು ದೃಷ್ಟಿ ಇಲ್ಲದವರ ಮೊಬೈಲ್ ಸರಿಯಾಗಿ ಓದಿ ಹೇಳಲಾರದು. ಅದಕ್ಕಾಗಿ ಪ್ರತಿ ಸ್ಲೈಡಿನ Alt text ಜಾಗದಲ್ಲಿ ಅದೇ ಮಾತನ್ನು ಕನ್ನಡ ಲಿಪಿಯಲ್ಲಿ ತುಂಬಿ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಇಂಗ್ಲಿಷ್ ಉಚ್ಚಾರದಲ್ಲಿ ಓದಿ, ಕೇಳುವವರಿಗೆ ಏನೂ ತಿಳಿಯದಂತಾಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮುಂದಿನ ನಾಲ್ಕು ಪೋಸ್ಟುಗಳಲ್ಲಿ ಮೂರನ್ನು ಕನ್ನಡ ಲಿಪಿಯಲ್ಲಿ, ಒಂದನ್ನು ಹೊರಗಿನವರಿಗಾಗಿ ಮೇಲೆ ಹೇಳಿದ ಹಾಗೆ ಮಾಡುತ್ತಿದ್ದೆ. ಆ ನಾಲ್ಕನೆಯದನ್ನು ವಿದೇಶಕ್ಕೆ ಪಾರ್ಸೆಲ್ ಕಳಿಸುವ ದಿನಗಳಿಗೆ ಹೊಂದಿಸಿಕೊಳ್ಳಿ, ಅದರ ಬೆಲೆ, ಸಾಗಣೆ ವೆಚ್ಚಗಳೂ ಬೇರೆಯೇ ಇರುವುದರಿಂದ ಹೇಗಿದ್ದರೂ ಬೇರೆ ಪೋಸ್ಟ್ ಬೇಕಾಗುತ್ತದೆ. ಗಟ್ಟಿಯಾಗಿ ಓದಿಸುವ ಕೆಲಸವನ್ನು ಬೆಂಗಳೂರಿನ ಗಿರಾಕಿಗಳಿಂದ ಶುರುಮಾಡಿ. ಶಿವಮೊಗ್ಗ, ಶಿರಸಿಯವರ ವಿಷಯದಲ್ಲಿ ಅನುಮಾನಕ್ಕೆ ಎಡೆಯಿಲ್ಲ, ನಿಮಗೆ ಗೊತ್ತಿಲ್ಲದಿರುವುದು ಆ ಅರ್ಧದಷ್ಟು ಮಂದಿಯದ್ದು.